ಬಾಂಡಿನಲ್ಲಿ ಯಾರ ಹೆಸರಿದೆ?

‘ದಯವಿಟ್ಟು ತಮ್ಮ ಪಾಲಿಸಿಯ ನಾಮಿನಿ ವಿವರ ಮತ್ತು ಗುರುತಿನ ದಾಖಲೆಗಳನ್ನು ಸರಿಪಡಿಸಿಕೊಳ್ಳಿ.’ ವಿಮಾ ಕಂಪನಿಯ ಈ ವಿನಯದ ಪತ್ರ ಎಷ್ಟೋ ಮನೆಗಳಲ್ಲಿ ಓದುವ ಮೊದಲೇ ಬೀರು ಸೇರುತ್ತದೆ.

ಮದುವೆಗೆ ಮುಂಚೆ ಪಾಲಿಸಿ ಮಾಡಿಸಿದ ಮೇಷ್ಟ್ರೊಬ್ಬರನ್ನು ನೆನೆಸಿಕೊಳ್ಳಿ. ಆಗ ನಾಮಿನಿ ತಾಯಿ. ಮುಂದೆ ಮದುವೆಯಾಯಿತು, ಮಗಳು ಹುಟ್ಟಿದಳು, ತಾಯಿ ತೀರಿಕೊಂಡರು. ಬಾಂಡಿನಲ್ಲಿ ಮಾತ್ರ ಅವರ ಹೆಸರೇ ಉಳಿಯಿತು. ಮದುವೆಯಾದ ಮಾತ್ರಕ್ಕೆ ಹೆಂಡತಿ ನಾಮಿನಿ ಆಗುವುದಿಲ್ಲ. ನಾಮಿನಿ ಮೊದಲೇ ತೀರಿಕೊಂಡಿದ್ದರೆ, 1938ರ ವಿಮಾ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಹಣ ವಾರಸುದಾರರಿಗೆ ಸಲ್ಲಬೇಕು. ಅದನ್ನು ರುಜುವಾತು ಮಾಡಲು ಆ ಹೆಂಡತಿ ದುಃಖದ ನಡುವೆಯೇ ಕೋರ್ಟಿಗೆ ಅಲೆಯಬೇಕಾಗಬಹುದು.

ಬದಲಾವಣೆಗೆ ಬೇಕಿರುವುದು ಒಂದು ಅರ್ಜಿ. ಹಳೆಯ ನಾಮಿನಿ ಬದುಕಿದ್ದರೂ ಅವರ ಒಪ್ಪಿಗೆ ಬೇಕಿಲ್ಲ. ಮಗಳಿಗೆ 18 ತುಂಬದಿದ್ದರೆ, ಅವಳ ಪರವಾಗಿ ಹಣ ಪಡೆಯುವ ವಯಸ್ಕರೊಬ್ಬರನ್ನೂ ಹೆಸರಿಸುವುದು ಒಳ್ಳೆಯದು. ಹೊಸ ಹೆಸರು ದಾಖಲಾಗಿದೆ ಎಂಬ ಲಿಖಿತ ಒಪ್ಪಿಗೆ ಕೈಸೇರುವವರೆಗೆ ಮಾತ್ರ ಬೆನ್ನು ಬಿಡಬಾರದು.

ಗುರುತಿನ ದಾಖಲೆಯ ತೊಡಕು ಹೆಚ್ಚಾಗಿ ನಮ್ಮ ಇನಿಷಿಯಲ್‌ಗಳದ್ದು. ಬಾಂಡಿನಲ್ಲಿ ‘ಕೆ. ಮಂಜುನಾಥ’, ಆಧಾರ್‌ನಲ್ಲಿ ‘ಮಂಜುನಾಥ ಕೆಂಪಯ್ಯ’, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬರೀ ‘ಮಂಜುನಾಥ’. ಮೂವರೂ ಒಬ್ಬರೇ ಎಂದು ಹೇಳಬೇಕಾದವರು ಬದುಕಿರುವಾಗಲೇ ಶಾಖೆಗೆ ಹೋಗಿ ಹೇಳಿದರೆ ಅರ್ಧ ದಿನದ ಓಡಾಟ.