ಅಟ್ಟದ ಗಡಿಯಾರಕ್ಕೆ ಫೋಟೊ ಸಾಕ್ಷಿ

"ಡೂಪ್ಲಿಕೇಟ್ ಸಾರ್ ಇದು. ಡಯಲ್ ನೋಡಿದ್ರೇನೆ ಗೊತ್ತಾಗತ್ತೆ. ಪೆಟ್ಟಿಗೆಗೆ ಬೇಕಾದ್ರೆ ಏನೋ ಒಂದು ಕೊಡ್ತೀನಿ."

ಹಳೆ ಸಾಮಾನಿನ ವ್ಯಾಪಾರಿ ಹೀಗೆಂದು ಗಡಿಯಾರವನ್ನು ಪಕ್ಕಕ್ಕೆ ಸರಿಸಿದ. ಈ ಕತೆಯ ಮೇಷ್ಟ್ರಿಗೆ ಹೆಸರು ಬೇಡ. ಸಾಗರದ ಕಡೆಯವರು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಅಜ್ಜನ ಕಾಲದಲ್ಲಿ ಮಂಗಳೂರಿನಿಂದ ಬಂದದ್ದೆಂದು ಮನೆಯವರೆಲ್ಲ ಹೇಳುತ್ತಿದ್ದ ಆ ಗೋಡೆ ಗಡಿಯಾರ ಅಟ್ಟದಲ್ಲಿ ಹಳೆ ಪಂಚಾಂಗಗಳ ಕಟ್ಟಿನ ಹಿಂದೆ ಸಿಕ್ಕಿತ್ತು. ವಾದಕ್ಕೆ ಹೋಗದೆ ಅದನ್ನು ಮನೆಗೆ ತಂದ ಮೇಷ್ಟ್ರು, ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಹತ್ತು ಪಟ್ಟಿನ ಮಸೂರವೊಂದನ್ನು ಕೊಂಡು ಮೊಬೈಲಿನ ಕ್ಯಾಮೆರಾಕ್ಕೆ ಟೇಪು ಹಾಕಿ ಅಂಟಿಸಿದರು.

ಮೊದಲ ಫೋಟೊ ಡಯಲ್‌ನದು, ಅದು ಬಂದದ್ದು ಅವರಿಗೇ ವಿರುದ್ಧವಾಗಿ. ಬರಿಗಣ್ಣಿಗೆ ಹಳದಿ ತಿರುಗಿದ ಕಾಗದದಂತೆ ಕಾಣುತ್ತಿದ್ದುದು ದೊಡ್ಡದು ಮಾಡಿದಾಗ ನೀಲಿ, ಕೆಂಪು, ಹಳದಿ ಚುಕ್ಕೆಗಳ ಗುಂಪಾಗಿತ್ತು. ನಿಜವಾಗಿ ಹಳತಾದ ಕಾಗದದಲ್ಲಿ ಹಳದಿ ಬಣ್ಣ ನಾರಿನೊಳಗೇ ಇಳಿದಿರುತ್ತದೆ, ಚುಕ್ಕೆಯಾಗಿ ಕೂರುವುದಿಲ್ಲ. ಯಾರೋ ರಿಪೇರಿಯವರು ಹರಿದುಹೋದ ಡಯಲ್ ತೆಗೆದು ಹೊಸ ಪ್ರಿಂಟ್ ಅಂಟಿಸಿದ್ದರು. ವ್ಯಾಪಾರಿಯ ಕಣ್ಣು ಚುರುಕಾಗಿಯೇ ಇತ್ತು. ಆದರೆ ಡಯಲ್ ಬದಲಾಗುವುದು ಹಳೆ ಗಡಿಯಾರಗಳಲ್ಲಿ ಮಾಮೂಲು. ಅಷ್ಟರಿಂದಲೇ ಒಳಗಿನ ಯಂತ್ರವೂ ನಕಲಿ ಎನ್ನುವಂತಿಲ್ಲ.

ಯಂತ್ರ ಹೊರತೆಗೆಯುವ ಮುಂಚೆ ಸ್ಪ್ರಿಂಗಿನ ಬಿಗಿ ಪೂರ್ತಿ ಇಳಿದಿದೆಯೇ ಎಂದು ಅವರು ನೋಡಿಕೊಂಡರು. ಬಿಗಿ ಉಳಿದಿದ್ದರೆ ಬೆರಳಿಗೆ ಅಪಾಯ. ಹಿತ್ತಾಳೆ ತಟ್ಟೆಗೆ ಬ್ರಾಸೊ ಹಚ್ಚಿ ಫಳಫಳ ಮಾಡುವ ಆಸೆಯನ್ನೂ ತಡೆದುಕೊಂಡರು, ಏಕೆಂದರೆ ಉಜ್ಜಿದಷ್ಟೂ ಮುದ್ರೆಯ ಅಂಚು ಸವೆಯುತ್ತದೆ. ಬರೀ ಒಣ ಬ್ರಷ್ಷಿನಿಂದ ಧೂಳು ಕೊಡವಿದರು. ಟಾರ್ಚನ್ನು ನೆತ್ತಿಯ ಮೇಲಿಂದ ಹಿಡಿಯದೆ ತಟ್ಟೆಯ ಮಟ್ಟಕ್ಕೇ ಪಕ್ಕದಿಂದ ಇಟ್ಟರು. ಸಂಜೆ ಬಿಸಿಲಿನಲ್ಲಿ ಗದ್ದೆಯ ಒಂದೊಂದು ನೇಗಿಲ ಸಾಲೂ ಎದ್ದು ಕಾಣುವಂತೆ, ಓರೆ ಬೆಳಕಿನಲ್ಲಿ ಹಿತ್ತಾಳೆಯ ಒಂದೊಂದು ಗೀರಿಗೂ ನೆರಳು ಬಿತ್ತು. ಅಳತೆ ಗೊತ್ತಾಗಲಿ ಎಂದು ಪ್ರತಿ ಫೋಟೊದಲ್ಲೂ ಪಕ್ಕಕ್ಕೊಂದು ಸ್ಟೀಲ್ ಸ್ಕೇಲು. ಕೈ ನಡುಗಿ ಚಿತ್ರ ಮಸುಕಾಗಬಾರದೆಂದು ಟೈಮರ್.

ಮುದ್ರೆ ಸ್ಪಷ್ಟವಾಗಿ ಬಂತು: ಎಂಟು ಮೂಲೆಯ ನಕ್ಷತ್ರ, ನಡುವೆ ಜೆ ಅಕ್ಷರ. ಅದು ಜರ್ಮನಿಯ ಶ್ರಾಂಬರ್ಗ್ ಊರಿನಲ್ಲಿ 1861ರಲ್ಲಿ ಶುರುವಾದ ಯುಂಗ್‌ಹಾನ್ಸ್ ಕಾರ್ಖಾನೆಯ ಗುರುತು. ಎಂಟು ಮೂಲೆಯ ನಕ್ಷತ್ರವನ್ನು ಕಂಪನಿ 1890ರಲ್ಲಿ ನೋಂದಾಯಿಸಿತು. ಕೆಳಗೆ ಸಣ್ಣದಾಗಿ ಬಿ 10 ಎಂದಿತ್ತು. ಆ ಕಾರ್ಖಾನೆಯ ಲೆಕ್ಕದಲ್ಲಿ ಎ ಎಂದರೆ ವರ್ಷದ ಮೊದಲರ್ಧ, ಬಿ ಎಂದರೆ ಎರಡನೆಯದು, ಮುಂದಿನದು ಇಸವಿ. ಅಲ್ಲಿಗೆ 1910ರ ಕೊನೆಯರ್ಧದ ಯಂತ್ರ.

ನಕ್ಷತ್ರವನ್ನು ನಕಲಿ ಮಾಡುವವನೂ ಕೊರೆಯಬಲ್ಲ. ಹಾಗಾಗಿ ಮೇಷ್ಟ್ರು ನಕ್ಷತ್ರದ ಆಕಾರ ಬಿಟ್ಟು ಗೆರೆಯ ತಳ ನೋಡಿದರು. ಉಕ್ಕಿನ ಅಚ್ಚನ್ನು ಒತ್ತಿ ಹಾಕಿದ ಮುದ್ರೆಯಲ್ಲಿ ಲೋಹ ಎಲ್ಲೂ ಕಡಿದುಹೋಗಿರುವುದಿಲ್ಲ, ಪಕ್ಕಕ್ಕೆ ಜರುಗಿರುತ್ತದೆ. ಅಂಚಿನಲ್ಲಿ ಕೂದಲೆಳೆಯಷ್ಟು ಉಬ್ಬು, ಒಳಗೆ ನುಣುಪಾದ ತಳ. ಕೊರೆದದ್ದಾದರೆ ತಳದಲ್ಲಿ ಉಳಿಯ ಗೀರುಗಳು ಕಾಣುತ್ತವೆ. ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದಿದ್ದರೆ ಮೂಲೆಗಳು ಮೊಂಡಾಗಿ, ಸೂಜಿಮೊನೆಯಂಥ ತೂತುಗಳು ಉಳಿದಿರುತ್ತವೆ. ಇಲ್ಲಿ ಉಬ್ಬು ಇತ್ತು, ಗೀರಿರಲಿಲ್ಲ, ತೂತೂ ಇರಲಿಲ್ಲ.

ಇನ್ನೊಂದು ಅನುಮಾನ ಉಳಿದಿತ್ತು. ಯಂತ್ರ ಅಸಲಿ, ಪೆಟ್ಟಿಗೆ ಬೇರೆಯದಾಗಿದ್ದರೆ? ಎರಡು ಹಾಳಾದ ಗಡಿಯಾರ ಸೇರಿಸಿ ಒಂದು ಮಾಡುವುದು ಈ ವ್ಯಾಪಾರದಲ್ಲಿ ಬಹಳ. ಅದಕ್ಕೆ ಮುದ್ರೆ ಉತ್ತರ ಹೇಳುವುದಿಲ್ಲ, ಹಿಂಬದಿಯ ಹಲಗೆ ಹೇಳುತ್ತದೆ. ಯಂತ್ರವನ್ನು ಹಿಡಿದಿಡುವ ಕಬ್ಬಿಣದ ಪಟ್ಟಿಗೆ ಬೇಕಾದಷ್ಟೇ ಸ್ಕ್ರೂ ತೂತುಗಳಿದ್ದವು, ಮುಚ್ಚಿ ಬಣ್ಣ ಬಳಿದ ಹಳೆ ತೂತು ಒಂದೂ ಇಲ್ಲ. ಪಟ್ಟಿ ಕೂತಿದ್ದ ಜಾಗದಲ್ಲಿ ಮರ ಇನ್ನೂ ತಿಳಿಬಣ್ಣದ್ದೇ, ಸುತ್ತ ಮಾತ್ರ ಕಪ್ಪು. ಆ ತಿಳಿ ಗುರುತಿನ ಅಳತೆಗೂ ಪಟ್ಟಿಯ ಅಳತೆಗೂ ಸ್ಕೇಲಿನಲ್ಲಿ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಫೋಟೊಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅಂಗಡಿಯ ಮೇಜಿನ ಮೇಲೆ ಹರಡುವಾಗ ಮೇಷ್ಟ್ರು ಚುಕ್ಕೆಗಳ ಡಯಲ್ ಚಿತ್ರವನ್ನೇ ಮೊದಲಿಟ್ಟರು. ಆಮೇಲೆ ತೋರಿಸಿದ್ದನ್ನೆಲ್ಲ ವ್ಯಾಪಾರಿ ನಂಬಿದ್ದು ಅದರಿಂದಲೇ ಎಂದು ನನ್ನೆಣಿಕೆ.

"ಮೆಷಿನ್ ಒರಿಜಿನಲ್, ಒಪ್ಪಿದೆ. ಡಯಲ್‌ಗೆ ಸ್ವಲ್ಪ ಕಡಿಮೆ ಮಾಡ್ಕೊಂಡು ಕೊಡಿ ಸಾರ್."

"ಮಾರೋ ವಿಚಾರ ಬಿಡಪ್ಪ. ಇದನ್ನ ನೋಡು," ಎಂದು ಮೇಷ್ಟ್ರು ಕೊನೆಯ ಫೋಟೊ ಮುಂದೆ ತಳ್ಳಿದರು. ಚಕ್ರದ ಅಚ್ಚಿನ ತುದಿ ಕೂರುವ ತೂತು ಅದರಲ್ಲಿ ದುಂಡಗಿರಲಿಲ್ಲ, ಒಂದೇ ಕಡೆಗೆ ಸವೆದು ಮೊಟ್ಟೆಯಾಕಾರವಾಗಿತ್ತು. ವರ್ಷಗಟ್ಟಲೆ ಓಡಿದ ಯಂತ್ರಕ್ಕೆ ಅದೂ ಒಂದು ಸಾಕ್ಷಿಯೇ. ಆದರೆ ಹಾಗೇ ಕೀ ಕೊಟ್ಟರೆ ಚಕ್ರ ಓರೆಯಾಗಿ ಹಲ್ಲು ಹಲ್ಲಿಗೆ ತಿಕ್ಕುತ್ತದೆ. ತೂತು ಅಗಲಿಸಿ ಹೊಸ ಹಿತ್ತಾಳೆ ಬುಶ್ ಹಾಕಿಸಬೇಕು, ಆ ಕೆಲಸ ಬಲ್ಲವರು ಯಾರಿದ್ದಾರೆ ಎಂದು ಕೇಳುವುದಕ್ಕೇ ಅವರು ಮತ್ತೆ ಅಂಗಡಿಗೆ ಬಂದದ್ದು.