ಕಚೇರಿ ಊಟದ ಗುತ್ತಿಗೆ: ಎಚ್‌ಆರ್ ಮ್ಯಾನೇಜರ್ ಮುಂದೆ ಇಡಬೇಕಾದ ಒಂದು ಪುಟ



ಮದುವೆ, ನಾಮಕರಣ, ದೇವಸ್ಥಾನದ ಸಂತರ್ಪಣೆಗೆ ಅಡುಗೆ ಮಾಡಿಕೊಡುವ ಕುಟುಂಬಗಳು ನಮ್ಮ ಗಡಿ ಊರುಗಳಲ್ಲಿ ಬಹಳ ಇವೆ. ಮುಹೂರ್ತದ ತಿಂಗಳುಗಳಲ್ಲಿ ಕೈತುಂಬ ಕೆಲಸ, ಆಷಾಢ ಬಂದರೆ ಒಲೆ ತಣ್ಣಗೆ. ವರ್ಷವಿಡೀ ಕೆಲಸ ಬೇಕೆಂದರೆ ಕಚೇರಿಗಳ ಮಧ್ಯಾಹ್ನದ ಊಟಕ್ಕೆ ಪ್ರಯತ್ನಿಸಬೇಕು. ಹೊಸೂರಿನಲ್ಲಿ ಅಡುಗೆ ಗುತ್ತಿಗೆ ಮಾಡುವ ನಮಗೆ ಈ ಕೆಲಸದ ಲೆಕ್ಕಾಚಾರ ಸ್ವಲ್ಪ ಗೊತ್ತು. ಹೊಸಬರು ಕೇಳುತ್ತಿರುವುದರಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇವೆ. ಉದಾಹರಣೆಗಳು ಹೊಸೂರಿನವು. ಸೊಲ್ಲಾಪುರದಲ್ಲೋ ಆದೋನಿಯಲ್ಲೋ ದರ ಬೇರೆ ಇರಬಹುದು, ಲೆಕ್ಕದ ದಾರಿ ಒಂದೇ.

ಕೇಳುವವರು ಯಾರು, ಅವರ ಭಯ ಏನು

ಮದುವೆ ಮನೆಯವರು ಮೊದಲು ಕೇಳುವುದು ರುಚಿಯನ್ನು. ಕಚೇರಿಯ ಎಚ್‌ಆರ್ ಮ್ಯಾನೇಜರ್ ಹಾಗಲ್ಲ. ಊಟ ಹತ್ತು ನಿಮಿಷ ತಡವಾದರೆ, ಕೊನೆಯ ಐದು ಜನರಿಗೆ ಪಲ್ಯ ಸಿಗದಿದ್ದರೆ, ಯಾರಿಗಾದರೂ ಹೊಟ್ಟೆ ಕೆಟ್ಟರೆ ಉತ್ತರ ಹೇಳಬೇಕಾದವರು ಅವರು. ಆದ್ದರಿಂದ ನಲವತ್ತು ತಿಂಡಿಗಳ ಹೆಸರಿರುವ ಬಣ್ಣದ ಮೆನು ಕಾರ್ಡಿಗಿಂತ ಅವರ ನಾಲ್ಕು ಪ್ರಶ್ನೆಗೆ ಉತ್ತರವಿರುವ ಒಂದು ಪುಟ ಹೆಚ್ಚು ಕೆಲಸ ಮಾಡುತ್ತದೆ. ಎಷ್ಟು ಹೊತ್ತಿಗೆ ಬರುತ್ತದೆ? ಜನ ಹೆಚ್ಚುಕಡಿಮೆಯಾದರೆ ಏನು? ಕಾಗದಪತ್ರ ಸರಿಯಿದೆಯೇ? ಬಿಲ್ಲು ಹೇಗೆ?

ದೊಡ್ಡ ಕಾರ್ಖಾನೆಗಳಲ್ಲಿ ಕ್ಯಾಂಟೀನು ಇರುತ್ತದೆ, ಅದರ ಗುತ್ತಿಗೆ ದೊಡ್ಡ ಕಂಪನಿಗಳ ಕೈಯಲ್ಲಿರುತ್ತದೆ. ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಅವುಗಳ ಸುತ್ತ ಇರುವ ಸಣ್ಣ ಘಟಕಗಳು, ಸಾಗಣೆ ಕಚೇರಿಗಳು, ಲೆಕ್ಕಪತ್ರದ ಕಚೇರಿಗಳಲ್ಲಿ 40ರಿಂದ 80 ಜನ ಇರುತ್ತಾರೆ. ಒಂದು ಮನೆ ಅಡುಗೆ ತಂಡಕ್ಕೆ ನಿಭಾಯಿಸಲು ಆಗುವುದು ಈ ಗಾತ್ರ.

60 ಜನರ ಲೆಕ್ಕ

ಅನ್ನ, ಹುಳಿ, ಸಾರು, ಒಂದು ಪಲ್ಯ, ಮಜ್ಜಿಗೆ, ಉಪ್ಪಿನಕಾಯಿ ಇರುವ ಸಾದಾ ಊಟ ಎಂದುಕೊಳ್ಳೋಣ. ತಲೆಗೆ 100ರಿಂದ 120 ಗ್ರಾಂ ಅಕ್ಕಿ ಹಿಡಿದರೆ 60 ಜನರಿಗೆ ಸುಮಾರು 7 ಕಿಲೋ ಸಾಕು. ದಿನಸಿ, ತರಕಾರಿ, ಮೊಸರು ಸೇರಿ ತಲೆಗೆ 42 ರೂಪಾಯಿ ಎಂದಿಡೋಣ. ನಿಮ್ಮ ಊರಿನ ಬೆಲೆ ಹಾಕಿ ನೀವು ಬದಲಿಸಿಕೊಳ್ಳಿ.

ಇದು ಊಟದ ಸಂಖ್ಯೆಯೊಂದಿಗೆ ಏರಿಳಿಯುವ ಖರ್ಚು. ಏರಿಳಿಯದ ಖರ್ಚು ಬೇರೆ ಇದೆ. ಅಡುಗೆಯವರಿಗೆ 900, ಇಬ್ಬರು ಸಹಾಯಕರಿಗೆ 1,200, ಗ್ಯಾಸಿಗೆ 300, ಗಾಡಿಗೆ 400. ಒಟ್ಟು ದಿನಕ್ಕೆ 2,800 ರೂಪಾಯಿ. ಊಟ 60 ಆದರೂ 40 ಆದರೂ ಇದು ಹಾಗೇ ಇರುತ್ತದೆ.

ಒಂದು ಊಟಕ್ಕೆ 100 ರೂಪಾಯಿ ದರ ಹೇಳಿದ್ದೀರಿ. 60 ಊಟಕ್ಕೆ 6,000 ಬರುತ್ತದೆ, ಖರ್ಚು 5,320, ಉಳಿಯುವುದು 680. ಈಗ ಶುಕ್ರವಾರ ಕೆಲವರು ರಜೆ, ಕೆಲವರು ಮನೆಯಿಂದ ಕೆಲಸ, ಬಂದದ್ದು 45 ಜನ. ನಿಮಗೆ ಮೊದಲೇ ತಿಳಿಸಿ ಅಷ್ಟಕ್ಕೇ ಅಡುಗೆ ಮಾಡಿದ್ದರೂ ಖರ್ಚು 4,690, ಬರುವುದು 4,500. 190 ರೂಪಾಯಿ ನಷ್ಟ. ತಿಳಿಸದೆ 60ಕ್ಕೆ ಮಾಡಿದ್ದರೆ ನಷ್ಟ 820. ಹಾಗೆಂದರೆ ಒಂದು ದಿನದ ತಪ್ಪು ಎಣಿಕೆ ಹಿಂದಿನ ದಿನದ ಲಾಭವನ್ನೆಲ್ಲ ತಿಂದು ಇನ್ನೂ ಕೈಯಿಂದ ಕೇಳುತ್ತದೆ.

ಪ್ರತಿ ಊಟದಿಂದ ದಿನಸಿ ಕಳೆದು ಉಳಿಯುವುದು 58 ರೂಪಾಯಿ. 2,800ನ್ನು ಅದರಿಂದ ಭಾಗಿಸಿದರೆ 48ಕ್ಕಿಂತ ತುಸು ಹೆಚ್ಚು ಬರುತ್ತದೆ. 49 ಊಟಕ್ಕಿಂತ ಕೆಳಗೆ ಹೋದರೆ ನಷ್ಟವೆಂದು ಅರ್ಥ. ಆದ್ದರಿಂದ ಪುಟದಲ್ಲಿ ಸ್ಪಷ್ಟವಾಗಿ ಹೀಗೆ ಬರೆಯಿರಿ: "ದಿನಕ್ಕೆ ಕನಿಷ್ಠ 50 ಊಟದ ಬಿಲ್ಲು. ನಾಳಿನ ಸಂಖ್ಯೆ ಇಂದು ಸಂಜೆ 5ರೊಳಗೆ. ಬೆಳಿಗ್ಗೆ 8ರವರೆಗೆ ಐದು ಊಟ ಹೆಚ್ಚುಕಡಿಮೆ ಮಾಡಬಹುದು." ಇದನ್ನು ಹೇಳಲು ಸಂಕೋಚಪಡುವವರೇ ಹೆಚ್ಚು. ಆದರೆ ಮ್ಯಾನೇಜರ್‌ಗೂ ಇದು ಬೇಕಾದದ್ದೇ. ತಮ್ಮ ಜನರಿಂದ ಹಿಂದಿನ ದಿನವೇ ಹೆಸರು ಬರೆಸಿಕೊಳ್ಳಲು ಅವರಿಗೊಂದು ಕಾರಣ ಸಿಗುತ್ತದೆ.

ಕಾಗದಪತ್ರ

ಮೊದಲು ಕೇಳುವುದು ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಲೈಸೆನ್ಸು. ಅದರ 14 ಅಂಕಿಗಳ ಸಂಖ್ಯೆಯನ್ನು 2022ರ ಜನವರಿಯಿಂದ ಬಿಲ್ಲಿನ ಮೇಲೂ ಹಾಕಲೇಬೇಕು. ನೋಂದಣಿ ಅಡುಗೆ ಮಾಡುವ ಜಾಗಕ್ಕೆ ಸೇರಿದ್ದು. ಗಡಿಯವರಾದ ನಮಗೆ ಇದು ಮುಖ್ಯ. ಅತ್ತಿಬೆಲೆಯ ಮನೆಯ ವಿಳಾಸಕ್ಕೆ ಪಡೆದ ನೋಂದಣಿ ಇಟ್ಟುಕೊಂಡು ಹೊಸೂರಿನ ಅಡುಗೆ ಮನೆ ನಡೆಸಿದರೆ ತಪಾಸಣೆಯಲ್ಲಿ ನಿಲ್ಲುವುದಿಲ್ಲ.

ಇನ್ನು ಜಿಎಸ್‌ಟಿ. ದಿನಕ್ಕೆ 60 ಊಟ, ತಿಂಗಳಿಗೆ 22 ಕೆಲಸದ ದಿನ ಎಂದರೆ ತಿಂಗಳ ಬಿಲ್ಲು 1,32,000 ರೂಪಾಯಿ, ವರ್ಷಕ್ಕೆ 15.84 ಲಕ್ಷ. ಸೇವೆಗೆ ಇರುವ 20 ಲಕ್ಷದ ಮಿತಿಯೊಳಗೆ ಇದು ಇದೆ. ಆದರೆ ಮದುವೆ ಗುತ್ತಿಗೆಗಳ ಹಣವೂ ಇದಕ್ಕೆ ಸೇರುತ್ತದೆ. ಎರಡನೇ ಕಚೇರಿ ಸಿಕ್ಕರಂತೂ ಮಿತಿ ದಾಟುವುದು ಖಂಡಿತ. ಸಾಮಾನ್ಯ ಕೇಟರಿಂಗಿಗೆ ತೆರಿಗೆ 5 ಶೇಕಡ, ನೀವು ದಿನಸಿಗೆ ಕಟ್ಟಿದ ತೆರಿಗೆಯನ್ನು ಇದರಲ್ಲಿ ಕಳೆಯಲು ಬರುವುದಿಲ್ಲ. ಊಟದ ಮೇಲಿನ ತೆರಿಗೆಯನ್ನು ಕಂಪನಿಯೂ ಸಾಮಾನ್ಯವಾಗಿ ವಾಪಸು ಪಡೆಯಲಾರದು, ಅವರಿಗೆ 100 ರೂಪಾಯಿಯ ಊಟ 105 ಆಗುತ್ತದೆ. ಆದ್ದರಿಂದ ದರದ ಪಕ್ಕದಲ್ಲಿ "ತೆರಿಗೆ ಸೇರಿ" ಅಥವಾ "ತೆರಿಗೆ ಬೇರೆ" ಎಂದು ಮೊದಲೇ ಬರೆಯಿರಿ. ಎರಡನೇ ತಿಂಗಳು ಏಳುವ ಜಗಳ ಬಹಳ ಸಲ ಇದರದ್ದೇ.

ಕಂಪನಿ ಹಣ ಕೊಡುವಾಗ ಟಿಡಿಎಸ್ ಹಿಡಿಯುತ್ತದೆ. ಒಬ್ಬರ ಹೆಸರಿನ ವ್ಯವಹಾರಕ್ಕೆ 1 ಶೇಕಡ, ಪಾಲುದಾರಿಕೆಗೆ 2 ಶೇಕಡ. ಅದು ನಿಮ್ಮ ಪ್ಯಾನ್ ಲೆಕ್ಕಕ್ಕೇ ಬರುವ ಹಣ. ಪ್ಯಾನ್ ಕೊಡದಿದ್ದರೆ 20 ಶೇಕಡ ಹಿಡಿಯುತ್ತಾರೆ.

ಹಣ ಯಾವಾಗ ಕೈಗೆ ಬರುತ್ತದೆ

ಒಳ್ಳೆಯ ಅಡುಗೆ ಮಾಡುವವರೂ ಕಚೇರಿ ಗುತ್ತಿಗೆ ಬಿಡುವುದು ಹೆಚ್ಚಾಗಿ ಇಲ್ಲಿಯೇ. ಮದುವೆಯಲ್ಲಿ ಮುಂಗಡ ಸಿಗುತ್ತದೆ, ಕಚೇರಿಯಲ್ಲಿ ಸಿಗುವುದಿಲ್ಲ. ತಿಂಗಳ ಕೊನೆಗೆ ಬಿಲ್ಲು, ಅದಾಗಿ 30 ದಿನಕ್ಕೆ ಹಣ ಎಂದರೆ ಮೊದಲ ರೂಪಾಯಿ ಬರುವುದು ಎರಡು ತಿಂಗಳಿಗೆ. ನಮ್ಮ ಉದಾಹರಣೆಯಲ್ಲಿ ತಿಂಗಳ ಖರ್ಚು 1,17,040. ಎರಡು ತಿಂಗಳಿಗೆ ಸುಮಾರು 2.34 ಲಕ್ಷ ರೂಪಾಯಿ ನಿಮ್ಮ ಕೈಯಿಂದ ಹಾಕಬೇಕು. ಅಷ್ಟಿಲ್ಲದವರು ಅಂಗಡಿಯಲ್ಲಿ ಸಾಲ ಬರೆಸುತ್ತಾರೆ, ಸಾಲ ಬೆಳೆದ ಮೇಲೆ ಬೇಳೆ ತೆಳ್ಳಗಾಗುತ್ತದೆ, ಬೇಳೆ ತೆಳ್ಳಗಾದರೆ ದೂರು ಬರುತ್ತದೆ.

ಹದಿನೈದು ದಿನಕ್ಕೊಮ್ಮೆ ಬಿಲ್ಲು, ಬಿಲ್ಲು ಕೊಟ್ಟ 15 ದಿನಕ್ಕೆ ಪಾವತಿ ಎಂದು ಬರೆಸಿಕೊಂಡರೆ ಕೈಯಿಂದ ಹಾಕುವ ಹಣ ಅರ್ಧಕ್ಕೆ ಇಳಿಯುತ್ತದೆ. ದರದಲ್ಲಿ ಎರಡು ರೂಪಾಯಿ ಬಿಟ್ಟಾದರೂ ಈ ಷರತ್ತು ಉಳಿಸಿಕೊಳ್ಳಿ. ಇದಕ್ಕೆ ಬೆಂಬಲವಾಗಿ ಉದ್ಯಮ್ ನೋಂದಣಿ ಮಾಡಿಸಿ, ಅದು ಉಚಿತ. 2006ರ ಎಂಎಸ್‌ಎಂಇ ಕಾಯಿದೆಯಂತೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣಕ್ಕೆ 45 ದಿನ ಮೀರಿದ ಗಡುವು ಹಾಕುವಂತಿಲ್ಲ. ಬರವಣಿಗೆಯ ಒಪ್ಪಂದವೇ ಇಲ್ಲದಿದ್ದರೆ 15 ದಿನ. ಗಡುವು ಮೀರಿ ಬಾಕಿ ಉಳಿಸಿಕೊಂಡ ಕಂಪನಿ ಹಣ ಕೊಡುವವರೆಗೂ ಆ ಖರ್ಚನ್ನು ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸಲು ಬರುವುದಿಲ್ಲ. ಉದ್ಯಮ್ ಸಂಖ್ಯೆ ಬಿಲ್ಲಿನ ಮೇಲೆ ಇದ್ದರೆ ಅವರ ಲೆಕ್ಕಪತ್ರ ವಿಭಾಗವೇ ನಿಮ್ಮ ಬಿಲ್ಲನ್ನು ಮುಂದಕ್ಕೆ ತಳ್ಳುತ್ತದೆ.

ಮಾದರಿ ಊಟ

ಹತ್ತು ಜನರಿಗೆ ಒಂದು ದಿನ ಹಬ್ಬದೂಟ ಬಡಿಸಿ ಒಪ್ಪಿಗೆ ಪಡೆಯುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ಅದಕ್ಕಿಂತ ಪೂರ್ತಿ 60 ಜನರಿಗೆ ಮೂರು ದಿನ, ದಿನನಿತ್ಯದ ಊಟವನ್ನೇ, ಹಣ ಪಡೆದು ಕೊಡುತ್ತೇವೆ ಎಂದು ಹೇಳಿ. ಗಾಡಿ, ದಾರಿ, ಬಡಿಸುವ ಜಾಗ ಎಲ್ಲದರ ಪರೀಕ್ಷೆಯೂ ಆಗುತ್ತದೆ.

ಒಲೆಯಿಂದ ಇಳಿಸಿ ಬಡಿಸುವವರೆಗೆ ಒಂದೂವರೆ ಗಂಟೆ ಹಿಡಿಯಿರಿ. ಬಿಸಿ ಅಡುಗೆ 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ಕಡ್ಡಿ ಥರ್ಮಾಮೀಟರ್ ಒಂದನ್ನು ಇಟ್ಟುಕೊಂಡು ಹೊರಡುವಾಗ ಮತ್ತು ಬಡಿಸುವಾಗ ನೋಡಿ ಬರೆದಿಡಿ. ಆ ಪುಸ್ತಕ ಕಂಡರೆ ಮ್ಯಾನೇಜರ್‌ಗೆ ಧೈರ್ಯ ಬರುತ್ತದೆ. ಬಿಸಿಬೇಳೆ ಬಾತ್ ಕೂತಷ್ಟೂ ಗಟ್ಟಿಯಾಗುವುದರಿಂದ ಇಳಿಸುವಾಗ ತೆಳ್ಳಗೇ ಇರಲಿ. ಚಪಾತಿ ಡಬ್ಬಿಯ ಹಬೆಗೆ ಒದ್ದೆಯಾಗುತ್ತದೆ, ಒಳಗೆ ಬಟ್ಟೆ ಹಾಸಿ. ಬೇಸಿಗೆಯಲ್ಲಿ ತೆಂಗಿನಕಾಯಿ ಚಟ್ನಿ ಬೇಡವೇ ಬೇಡ.

ಊಟವಾದ ಮೇಲೆ ಮಿಕ್ಕಿದ್ದನ್ನು ನೋಡಿ. ಪಾತ್ರೆಯಲ್ಲಿ ಮಿಕ್ಕರೆ ಎಣಿಕೆ ತಪ್ಪಿದೆ. ತಟ್ಟೆಯಲ್ಲಿ ಮಿಕ್ಕರೆ ರುಚಿ ತಪ್ಪಿದೆ. ಎರಡಕ್ಕೂ ಮದ್ದು ಬೇರೆ ಬೇರೆ.

ಸಮಾರಂಭದ ಊಟ

ದಿನದ ಊಟದಲ್ಲಿ ಉಳಿಯುವುದು ಕಡಿಮೆ. ಸಮಾರಂಭದಲ್ಲಿ ಸ್ವಲ್ಪ ಹೆಚ್ಚು ಉಳಿಯುತ್ತದೆ. ಆದರೆ ಹೊಸೂರಿನಂಥ ಕಾರ್ಖಾನೆ ಊರಿನಲ್ಲಿ ದೊಡ್ಡ ದಿನ ಆಯುಧಪೂಜೆ, ಅದು ಎಲ್ಲರಿಗೂ ಒಟ್ಟಿಗೇ ಬರುತ್ತದೆ. ಯಂತ್ರಗಳಿಗೆ ಪೂಜೆ, ಪುರಿ, ಕಡಲೆ, ಸಿಹಿ ಹಂಚಿಕೆ, ಆಮೇಲೆ ಊಟ. ಕುಟುಂಬದವರೂ ಬಂದರೆ 60 ಜನ 150 ಆಗುತ್ತಾರೆ. ಆ ದಿನಕ್ಕೆ ಎರಡನೇ ಗಾಡಿ, ಹೆಚ್ಚಿನ ಬಡಿಸುವವರು ಸಿಗುವುದೇ ಕಷ್ಟ. ದಿನವೂ ಊಟ ಕೊಡುವ ಕಚೇರಿಗೆ ಮೊದಲ ಹಕ್ಕು, ಅವರು 20 ದಿನ ಮುಂಚೆ ಸಂಖ್ಯೆ ಹೇಳಿ ಅರ್ಧ ಮುಂಗಡ ಕೊಡಬೇಕು ಎಂದು ಒಪ್ಪಂದದಲ್ಲೇ ಇರಲಿ. ಒಬ್ಬಟ್ಟು ಕೇಳಿದರೆ ಕೈ ಎಷ್ಟಿವೆ ಎಂದು ನೋಡಿ ಒಪ್ಪಿಕೊಳ್ಳಿ. ಹಿಂದಿನ ದಿನವೇ ಮಾಡಿಡಬಹುದಾದ ಮೈಸೂರು ಪಾಕ್ ನಿಮ್ಮ ಬೆಳಗಿನ ಹೊತ್ತನ್ನು ಉಳಿಸುತ್ತದೆ.

ಕಾಸರಗೋಡಿನವರು ಕುಚಲಕ್ಕಿ ಅನ್ನ, ಸೊಲ್ಲಾಪುರ ಮತ್ತು ಜತ್ತದವರು ಜೋಳದ ರೊಟ್ಟಿ ಹಾಕಿ ಇದೇ ಲೆಕ್ಕ ಮಾಡಿನೋಡಿ. ರೊಟ್ಟಿ ತಟ್ಟುವವರ ಕೂಲಿ ಸೇರಿದರೆ ಏರಿಳಿಯದ ಖರ್ಚು ಹೆಚ್ಚಾಗುತ್ತದೆ, ಕನಿಷ್ಠ ಊಟದ ಸಂಖ್ಯೆಯೂ ಮೇಲೇರುತ್ತದೆ. ಆ ಸಂಖ್ಯೆ ನಿಮಗೆ ಬಾಯಿಗೆ ಬರುವಂತಾದ ಮೇಲೆಯೇ ಮ್ಯಾನೇಜರ್ ಬಳಿ ಹೋಗಿ.