ಪುಷ್ಕಿನ್ ಕಾವ್ಯದಲ್ಲಿ ಸ್ವರಗಳ ಪಾಲೆಷ್ಟು?

1913ರಲ್ಲಿ ರಷ್ಯದ ಗಣಿತಜ್ಞ ಆಂದ್ರೇ ಮಾರ್ಕೋವ್, ಪುಷ್ಕಿನ್ನನ ‘ಯೆವ್ಗೆನಿ ಒನೇಗಿನ್’ ಪದ್ಯ ಕಾದಂಬರಿಯ ಮೊದಲ 20,000 ಅಕ್ಷರಗಳನ್ನು ಎಣಿಸಿ, ಒಂದೊಂದನ್ನೂ ಸ್ವರ ಅಥವಾ ವ್ಯಂಜನ ಎಂದು ಗುರುತಿಸಿದರು. ಪದಗಳ ನಡುವಿನ ತೆರಪು, ವಿರಾಮಚಿಹ್ನೆಗಳಿಗೆ ಅಲ್ಲಿ ಲೆಕ್ಕವಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದೇ: ಈಗಿನ ಅಕ್ಷರ ಸ್ವರವಾಗಿದ್ದರೆ ಮುಂದಿನದೂ ಸ್ವರವಾಗುವ ಸಂಭವ ಎಷ್ಟು?

ಸ್ವರದ ಬೆನ್ನಿಗೆ ಸ್ವರ ಬರುವ ಸಂಭವ 0.128, ವ್ಯಂಜನ ಬರುವುದು 0.872. ವ್ಯಂಜನದ ಬೆನ್ನಿಗೆ ಸ್ವರ 0.663, ವ್ಯಂಜನ 0.337. ಎರಡು ಸಾಲು, ಎರಡು ಕಂಬಗಳಲ್ಲಿ ಈ ನಾಲ್ಕು ಸಂಖ್ಯೆಗಳನ್ನು ಬರೆದರೆ ಅದೇ ಸಂಕ್ರಮಣ ಮ್ಯಾಟ್ರಿಕ್ಸ್. ಪ್ರತಿ ಸಾಲಿನ ಮೊತ್ತ 1. ಮುಂದಿನ ಅಕ್ಷರವನ್ನು ಊಹಿಸಲು ಈಗಿನದೊಂದು ಗೊತ್ತಿದ್ದರೆ ಸಾಕು, ಅದರ ಹಿಂದಿನದು ಬೇಡ ಎಂಬುದು ಈ ಮಾದರಿಯ ಕರಾರು.

ಈಗ ಸ್ವರದಿಂದ ಹೊರಟು ನೋಡೋಣ. ಒಂದು ಹೆಜ್ಜೆಯ ನಂತರ ಸ್ವರದ ಸಂಭವ ಶೇ. 12.8. ಎರಡನೆಯ ಹೆಜ್ಜೆಗೆ ಎರಡು ದಾರಿಗಳನ್ನೂ ಕೂಡಿಸಬೇಕು: 0.128 × 0.128 + 0.872 × 0.663, ಅಂದರೆ ಸುಮಾರು ಶೇ. 59.5. ಮುಂದೆ 34.5, ಆಮೇಲೆ 47.8. ಹೀಗೆ ಮೇಲೆ ಕೆಳಗೆ ತೂಗಾಡುತ್ತ, ಪ್ರತಿ ಹೆಜ್ಜೆಗೂ ಅಂತರ ಅರ್ಧದಷ್ಟಕ್ಕೆ ಇಳಿಯುತ್ತ, ಹತ್ತು ಹೆಜ್ಜೆಯಲ್ಲಿ ಶೇ. 43ರ ಆಸುಪಾಸಿನಲ್ಲಿ ನಿಲ್ಲುತ್ತದೆ. ವ್ಯಂಜನದಿಂದ ಹೊರಟರೂ ಸೇರುವುದು ಅಲ್ಲಿಗೇ.

ಆ ನೆಲೆಯನ್ನು ನೇರವಾಗಿಯೂ ಹಿಡಿಯಬಹುದು. ಪಾಲು ಬದಲಾಗದೆ ಉಳಿಯಬೇಕಾದರೆ ಸ್ವರದಿಂದ ವ್ಯಂಜನಕ್ಕೆ ಹೋಗುವಷ್ಟೇ ವ್ಯಂಜನದಿಂದ ಸ್ವರಕ್ಕೆ ಬರಬೇಕು. ಸ್ವರದ ಪಾಲನ್ನು p ಎಂದುಕೊಳ್ಳಿ:

p × 0.872 = (1 − p) × 0.663

ಬಿಡಿಸಿದರೆ p = 0.663 ÷ 1.535, ಅಂದರೆ 0.432. ಮಾರ್ಕೋವ್ ಎಣಿಕೆಯಲ್ಲಿ ಸ್ವರಗಳು 8,638. ಅದೂ 0.432.

ಎಲ್ಲ ಮ್ಯಾಟ್ರಿಕ್ಸೂ ಹೀಗೆ ತಣ್ಣಗಾಗುವುದಿಲ್ಲ. ಸ್ವರದ ನಂತರ ವ್ಯಂಜನ, ವ್ಯಂಜನದ ನಂತರ ಸ್ವರ ತಪ್ಪದೇ ಬರುವ ಭಾಷೆಯೊಂದಿದ್ದರೆ ಸಮೀಕರಣ ಅರ್ಧ ಅರ್ಧ ಎಂದೇ ಹೇಳುತ್ತದೆ. ಆದರೆ ಹೆಜ್ಜೆ ಹೆಜ್ಜೆಯ ಸಂಭವ 0, 1, 0, 1 ಎಂದು ಕೊನೆಯಿಲ್ಲದೆ ಹೊರಳುತ್ತಿರುತ್ತದೆ. ದೀರ್ಘಾವಧಿಯ ಸರಾಸರಿಗಷ್ಟೇ ಅಲ್ಲಿ ಅರ್ಥ.

ಇನ್ನೊಂದು ಎಚ್ಚರ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. 0.432 ಎರಡು ಕಡೆಯೂ ತಾಳೆಯಾಯಿತೆಂದು ಮಾದರಿ ಸರಿಯೆಂದು ಸಾಬೀತಾಗುವುದಿಲ್ಲ. ಸಂಭವಗಳು ಹುಟ್ಟಿದ್ದೇ ಆ ಎಣಿಕೆಯಿಂದ. ಒಳಬಂದದ್ದು, ಹೊರಹೋದದ್ದು ಸಮವಾಗಿರಲೇಬೇಕಾದ್ದರಿಂದ ಆ ಹೊಂದಿಕೆ ಕೂಡಿಸಿ ಕಳೆದದ್ದು ಸರಿಯಿದೆ ಎನ್ನುತ್ತದೆ, ಅಷ್ಟೇ. ಕರಾರು ನಿಜವೇ ಎಂದು ತಿಳಿಯಲು ಮೂರು ಅಕ್ಷರಗಳ ಗುಂಪನ್ನು ನೋಡಬೇಕು. ಮಾರ್ಕೋವ್ ಅದನ್ನೂ ಎಣಿಸಿದ್ದರು. ಒಂದು ವ್ಯಂಜನದ ನಂತರ ಇನ್ನೊಂದು ವ್ಯಂಜನ ಬರುವ ಸಂಭವ 0.337 ಇದ್ದರೆ, ಎರಡು ವ್ಯಂಜನಗಳ ನಂತರ ಮೂರನೆಯದು ಬರುವ ಸಂಭವ 0.132 ಮಾತ್ರ. ರಷ್ಯನ್ ಭಾಷೆಗೆ ಹಿಂದಿನ ಎರಡು ಅಕ್ಷರಗಳ ನೆನಪಾದರೂ ಇದೆ.